ಜಾಮೂನಿನ ಲೆಕ್ಕ: ಒಳಗೆ ಹೋದ ಪಾಕವೆಷ್ಟು, ಬಟ್ಟಲಲ್ಲಿ ಉಳಿದದ್ದೆಷ್ಟು?

ಕೇಳಿದವರು (ಜಯನಗರ): ದಿನದ ಊಟದ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್‌ಗಳನ್ನು ಮೊಬೈಲಿನಲ್ಲಿ ಬರೆದಿಡುತ್ತೇನೆ. ಹಬ್ಬಕ್ಕೆ ಮನೆಯಲ್ಲಿ ಪೊಟ್ಟಣದ ಹಿಟ್ಟಿನಿಂದ ಜಾಮೂನು ಮಾಡುತ್ತೇವೆ. ನಾನು ಜಾಮೂನು ತಿಂದು ಪಾಕವನ್ನು ಬಟ್ಟಲಿನಲ್ಲಿಯೇ ಬಿಡುವವನು. ಒಂದು ಜಾಮೂನಿಗೆ ಎಷ್ಟೆಂದು ಬರೆಯಬೇಕು? ಅಳೆದು ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಮಲ್ಲೇಶ್ವರದಿಂದ: ನಾನು ಪೊಟ್ಟಣದ ಹಿಂದೆ ಅಚ್ಚಾಗಿರುವ ಅಂಕಿಗಳನ್ನೇ ತೆಗೆದುಕೊಂಡು ಜಾಮೂನುಗಳ ಸಂಖ್ಯೆಯಿಂದ ಭಾಗಿಸುತ್ತೇನೆ. ತಿನ್ನುವ ಮೊದಲು ಎರಡು ಚಮಚಗಳ ನಡುವೆ ಇಟ್ಟು ಹಿಂಡಿಬಿಟ್ಟರೆ ಸಕ್ಕರೆಯೆಲ್ಲ ಬಟ್ಟಲಿಗೇ ಇಳಿಯುತ್ತದೆ. ಮತ್ತೆ ಸಕ್ಕರೆಯನ್ನು ಲೆಕ್ಕಕ್ಕೆ ಸೇರಿಸುವುದು ಏಕೆ?

ಬಸವನಗುಡಿಯಿಂದ: ಹಿಂಡಿದರೆ ಕಡಿಮೆಯಾಗುತ್ತದೆ ಎನ್ನುವುದು ನಿಜ, ಆದರೆ ಎಲ್ಲವೂ ಇಳಿಯುವುದಿಲ್ಲ. ಪೊಟ್ಟಣದ ಮೇಲಿನ ಅಂಕಿ ಒಣ ಹಿಟ್ಟಿನದು ಮಾತ್ರ; ಕರಿದ ಎಣ್ಣೆಯೂ ಪಾಕವೂ ಅದರಲ್ಲಿ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಪಾಕಕ್ಕೆ ಹಾಕಿದ ಸಕ್ಕರೆಯನ್ನೆಲ್ಲ ಜಾಮೂನುಗಳಿಗೆ ಹಂಚಿಬಿಡುವವರೂ ಇದ್ದಾರೆ. ಮೊದಲನೆಯ ಲೆಕ್ಕ ತೀರ ಕಡಿಮೆ ಬರುತ್ತದೆ, ಎರಡನೆಯದು ತೀರ ಹೆಚ್ಚು. ಒಂದು ಗ್ರಾಮಿನಷ್ಟು ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿ ಇದ್ದರೆ ಇವೆರಡರ ನಡುವಿನ ಸತ್ಯ ಸಿಗುತ್ತದೆ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. 100 ಗ್ರಾಂ ಹಿಟ್ಟಿನಲ್ಲಿ 20 ಸಣ್ಣ ಉಂಡೆಗಳಾದವು. ಪಾಕಕ್ಕೆ 300 ಗ್ರಾಂ ಸಕ್ಕರೆ ಮತ್ತು 250 ಗ್ರಾಂ ನೀರು ಹಾಕಿ, ಎಳೆ ಬರುವ ಮೊದಲೇ, ಬೆರಳಿಗೆ ಅಂಟಂಟಾದ ಹದದಲ್ಲಿ ಇಳಿಸಿದೆವು. ಪಾತ್ರೆಯ ತೂಕ ಕಳೆದಾಗ ಪಾಕ 500 ಗ್ರಾಂ ಇತ್ತು, ಅಂದರೆ ನೂರಕ್ಕೆ ಅರವತ್ತು ಪಾಲು ಸಕ್ಕರೆ. ಕರಿದ ಉಂಡೆಗಳೆಲ್ಲ ಸೇರಿ 140 ಗ್ರಾಂ ತೂಗಿದವು. ರಾತ್ರಿಯಿಡೀ ನೆನೆದ ಮೇಲೆ ಜರಡಿಯಲ್ಲಿ ಐದು ನಿಮಿಷ ಸೋರಲು ಬಿಟ್ಟು ತೂಗಿದಾಗ 300 ಗ್ರಾಂ. ಹಾಗಾದರೆ ಒಂದೊಂದು ಜಾಮೂನು ಹೀರಿದ ಪಾಕ 8 ಗ್ರಾಂ, ಅದರಲ್ಲಿ ಸಕ್ಕರೆ ಸುಮಾರು 4.8 ಗ್ರಾಂ. ಹಾಕಿದ ಸಕ್ಕರೆಯನ್ನೆಲ್ಲ ಹಂಚಿದ್ದರೆ ತಲಾ 15 ಗ್ರಾಂ ಬರುತ್ತಿತ್ತು. ಮೂರು ಪಾಲಿನಲ್ಲಿ ಎರಡು ಪಾಲು ಪಾತ್ರೆಯಲ್ಲಿಯೇ ಉಳಿದಿತ್ತು. (ಅದನ್ನು ನಮ್ಮ ಮನೆಯಲ್ಲಿ ಚೆಲ್ಲುವುದಿಲ್ಲ, ಶಂಕರಪೋಳಿಯ ಹಿಟ್ಟು ಕಲಸುವುದಕ್ಕೆ ಹೋಗುತ್ತದೆ, ಅದರ ಲೆಕ್ಕವನ್ನು ಶಂಕರಪೋಳಿ ತಿಂದ ದಿನ ಬರೆಯಬೇಕು.)

ಎಣ್ಣೆಗೂ ಇದೇ ರೀತಿ. ಉಂಡೆಯನ್ನು ಕರಿಯುವ ಮೊದಲು ಮತ್ತು ಆಮೇಲೆ ತೂಗಿ ಪ್ರಯೋಜನವಿಲ್ಲ, ಏಕೆಂದರೆ ಎಣ್ಣೆ ಒಳಗೆ ಹೋಗುವಾಗಲೇ ನೀರು ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಬಾಣಲೆಯನ್ನು ಎಣ್ಣೆಯ ಸಮೇತ ಮೊದಲೊಮ್ಮೆ, ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ತೂಗಬೇಕು. ನಮ್ಮಲ್ಲಿ 20 ಗ್ರಾಂ ಇಳಿದಿತ್ತು, ಎಂದರೆ ಜಾಮೂನಿಗೆ ಒಂದು ಗ್ರಾಂ. ಜಾಲರಿ ಸೌಟಿಗೆ ಮತ್ತು ಕಾಗದಕ್ಕೆ ಅಂಟಿದ್ದೂ ಇದರಲ್ಲಿಯೇ ಸೇರಿರುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆಯೇ ಇರುತ್ತದೆ. ನಮ್ಮ ಪೊಟ್ಟಣದ ಹಿಟ್ಟಿನಲ್ಲಿ ನೂರು ಗ್ರಾಮಿಗೆ 66 ಕಾರ್ಬೋಹೈಡ್ರೇಟ್, 14 ಪ್ರೋಟೀನ್, 10 ಕೊಬ್ಬು ಎಂದಿತ್ತು. ಎಲ್ಲವನ್ನೂ ಕೂಡಿದರೆ 15 ಗ್ರಾಮಿನ ಒಂದು ಜಾಮೂನಿನಲ್ಲಿ ಕಾರ್ಬೋಹೈಡ್ರೇಟ್ 8.1 ಗ್ರಾಂ, ಪ್ರೋಟೀನ್ 0.7 ಗ್ರಾಂ, ಕೊಬ್ಬು 1.5 ಗ್ರಾಂ, ಒಟ್ಟು 49 ಕ್ಯಾಲೊರಿಯಷ್ಟಾಗುತ್ತದೆ.

ಇನ್ನು ತಾವು ಬಟ್ಟಲಿನಲ್ಲಿ ಬಿಡುವ ಪಾಕದ ವಿಷಯ. ಈ ಹದದ ಪಾಕ ನೀರಿಗಿಂತ ಬಹಳ ಭಾರ. 15 ಮಿಲಿಲೀಟರಿನ ಒಂದು ದೊಡ್ಡ ಚಮಚ 19 ಗ್ರಾಂ ತೂಗುತ್ತದೆ, ಅದರಲ್ಲಿ ಹನ್ನೊಂದೂವರೆ ಗ್ರಾಂ ಸಕ್ಕರೆಯೇ, ಅಂದರೆ 46 ಕ್ಯಾಲೊರಿ. ಒಂದು ಚಮಚ ಪಾಕವೂ ಒಂದು ಜಾಮೂನೂ ಹೆಚ್ಚುಕಡಿಮೆ ಸಮ. ಎರಡು ಜಾಮೂನಿಗೆ ಮೂರು ಚಮಚ ಪಾಕ ಹಾಕಿ ಕೊಟ್ಟ ಬಟ್ಟಲಿನಲ್ಲಿ ಜಾಮೂನಿಗಿಂತ ಪಾಕದ ಕ್ಯಾಲೊರಿಯೇ ಹೆಚ್ಚು, ಆದ್ದರಿಂದ ಅದನ್ನು ಕುಡಿಯದೆ ಬಿಡುವುದರಿಂದ ಆಗುವ ಉಳಿತಾಯ ಸಣ್ಣದಲ್ಲ. ಹಿಂಡುವುದರಿಂದ ಆಗುವ ಉಳಿತಾಯ ಮಾತ್ರ ಸಣ್ಣದು: ಚಮಚಗಳ ನಡುವೆ ಒತ್ತಿದ ಜಾಮೂನು 15 ಗ್ರಾಮಿನಿಂದ 12ಕ್ಕೆ ಇಳಿಯಿತು, ಆ 3 ಗ್ರಾಂ ಪಾಕದಲ್ಲಿ ಇದ್ದದ್ದು 7 ಕ್ಯಾಲೊರಿ. ಅಷ್ಟಕ್ಕಾಗಿ ಜಾಮೂನಿನ ರುಚಿ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ.

ವಿಜಯನಗರದಿಂದ: ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಹಾಗಾದರೆ ಪಾಕದಿಂದ ತೆಗೆದು ಹಿಂಡಿದ ಜಾಮೂನನ್ನು ಅವರಿಗೆ ಕೊಡಬಹುದು ಎಂದಾಯಿತಲ್ಲವೇ?

ಬಸವನಗುಡಿಯಿಂದ: ಹಾಗೆ ಆಗುವುದಿಲ್ಲ, ಸರ್. ಹಿಂಡಿದ ಮೇಲೂ ಸುಮಾರು 3 ಗ್ರಾಂ ಸಕ್ಕರೆ ಒಳಗೆ ಉಳಿದಿರುತ್ತದೆ, ಹಿಟ್ಟಿನ ಕಾರ್ಬೋಹೈಡ್ರೇಟ್ ಇನ್ನೊಂದು 3.3 ಗ್ರಾಂ. ಕೊಡಬಹುದೇ ಎಂಬುದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು.

ರಾಜಾಜಿನಗರದಿಂದ: ನಮ್ಮ ಮನೆಯಲ್ಲಿ ಜಾಮೂನಿಗಿಂತ ಜಿಲೇಬಿಯೇ ಹೆಚ್ಚು, ಆದ್ದರಿಂದ ಆ ಅನುಭವವನ್ನು ಸೇರಿಸುತ್ತೇನೆ. ಜಿಲೇಬಿಯಲ್ಲಿ ತಟ್ಟೆಯನ್ನು ನೋಡಿ ಏನೂ ಹೇಳಲಾಗುವುದಿಲ್ಲ, ಏಕೆಂದರೆ ತಟ್ಟೆಯಲ್ಲಿ ಉಳಿಯುವುದು ತೆಳುವಾದ ಒಂದು ಅಂಟು ಮಾತ್ರ. ಸುರುಳಿಯ ಒಳಗೆಲ್ಲ ಕೊಳವೆಯಂತೆ ಟೊಳ್ಳು, ಬಿಸಿಬಿಸಿಯಾಗಿ ಬೆಚ್ಚಗಿನ ಪಾಕಕ್ಕೆ ಬಿದ್ದ ಕೂಡಲೇ ಪಾಕ ಆ ಟೊಳ್ಳಿನೊಳಗೆ ಹೊಕ್ಕು ಅಲ್ಲಿಯೇ ನಿಲ್ಲುತ್ತದೆ. ಪಾಕವೂ ಒಂದೆಳೆಯ ಹದದ್ದು, ಜಾಮೂನಿನದಕ್ಕಿಂತ ಗಟ್ಟಿ, ಆದ್ದರಿಂದ ಅದೇ ತೂಕದ ಪಾಕದಲ್ಲಿ ಸಕ್ಕರೆ ಹೆಚ್ಚು. ಅಂಗಡಿಯಿಂದ ತಂದ ಜಿಲೇಬಿಯಲ್ಲಿ ಪಾಕವನ್ನು ಬೇರೆ ಮಾಡಿ ತೂಗುವ ಉಪಾಯ ನನಗೆ ಸಿಕ್ಕಿಲ್ಲ. ಮನೆಯಲ್ಲಿ ಕರಿದಾಗ ಮಾತ್ರ ಅದ್ದುವ ಮೊದಲು ಮತ್ತು ತೆಗೆದ ಮೇಲೆ ತೂಗಬಹುದು.

ಕೇಳಿದವರು (ಜಯನಗರ): ತಮ್ಮೆಲ್ಲರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ನೀರೂ ಸಕ್ಕರೆಯೂ ಪಾಕದಲ್ಲಿ ಇದ್ದ ಪ್ರಮಾಣದಲ್ಲಿಯೇ ಜಾಮೂನಿನ ಒಳಗೆ ಹೋಗುತ್ತವೆ ಎಂದು ಹೇಗೆ ನಂಬುವುದು? ಮತ್ತು ಹೋಟೆಲಿನಲ್ಲಿ ತಿಂದರೆ ಏನು ಬರೆಯುವುದು?

ಬಸವನಗುಡಿಯಿಂದ: ನಂಬಬೇಕಾಗಿಲ್ಲ, ಉಳಿದ ಪಾಕವನ್ನು ಪರೀಕ್ಷಿಸಿ. ಗೆರೆ ಹಾಕಿದ ಅಳತೆ ಲೋಟದಲ್ಲಿ ನೆನೆಸುವ ಮೊದಲಿನ ಪಾಕವನ್ನು 100 ಮಿಲಿಲೀಟರ್ ತೆಗೆದು, ಅದು ತಣಿದ ಮೇಲೆ ಗೆರೆಗೆ ಸರಿಮಾಡಿ ತೂಗಿಡಿ. ನೂರಕ್ಕೆ ಅರವತ್ತರ ಪಾಕವಾದರೆ ಸುಮಾರು 129 ಗ್ರಾಂ ಬರುತ್ತದೆ, ಐವತ್ತರದಾದರೆ 123. ಮರುದಿನ ಉಳಿದ ಪಾಕವನ್ನೂ ಹಾಗೆಯೇ ತೂಗಿ. ತೂಕ ಇಳಿದಿದ್ದರೆ ಪಾಕ ತೆಳುವಾಗಿದೆ, ಅಂದರೆ ಜಾಮೂನಿಗೆ ಹೋದ ಸಕ್ಕರೆ ನನ್ನ ಲೆಕ್ಕಕ್ಕಿಂತ ಹೆಚ್ಚು. ನಮ್ಮಲ್ಲಿ ಎರಡು ತೂಕಗಳ ನಡುವೆ ಒಂದು ಗ್ರಾಮಿನ ವ್ಯತ್ಯಾಸವೂ ಕಾಣಲಿಲ್ಲ. ಪಾಕ ಬಿಸಿಯಾಗಿದ್ದಾಗ ಅಳೆದರೆ ಅಂಕಿ ತಪ್ಪುತ್ತದೆ, ಒಳಗೆ ಗಾಳಿಗುಳ್ಳೆ ಇದ್ದರೂ ತಪ್ಪುತ್ತದೆ.

ಹೋಟೆಲಿನ ಜಾಮೂನನ್ನು ಒಮ್ಮೆ ಕಟ್ಟಿಸಿಕೊಂಡು ಬಂದು, ಸೋರಿಸಿ, ತೂಗಿ ನೋಡಿ. ನಮ್ಮ ಜಾಮೂನಿನ ಪ್ರಕಾರ ಗ್ರಾಮಿಗೆ ಮೂರೂಕಾಲು ಕ್ಯಾಲೊರಿಯಂತೆ ಹಿಡಿದರೆ 45 ಗ್ರಾಮಿನದಕ್ಕೆ ಸುಮಾರು 146 ಆಗುತ್ತದೆ. ಖೋವಾದಲ್ಲಿ ಮಾಡಿದ್ದಾದರೆ ಕೊಬ್ಬಿನ ಪಾಲು ಹೆಚ್ಚಿರುತ್ತದೆ, ಆದ್ದರಿಂದ ಇದನ್ನು ಅಂದಾಜು ಎಂದೇ ಬರೆದುಕೊಳ್ಳಿ.

ರಾಜಾಜಿನಗರದಿಂದ: ಐದು ನಿಮಿಷ ಸೋರಿಸುವುದಕ್ಕೆ ನನ್ನ ಆಕ್ಷೇಪಣೆ ಇದೆ. ಬಟ್ಟಲಿನಿಂದ ಚಮಚದಲ್ಲಿ ಎತ್ತಿ ನೇರವಾಗಿ ಬಾಯಿಗೆ ಹಾಕಿಕೊಳ್ಳುವಾಗ ಯಾರೂ ಜರಡಿ ಹಿಡಿಯುವುದಿಲ್ಲ, ಮೈಗೆ ಅಂಟಿದ ಪಾಕವೂ ಚಮಚದ ಗುಳಿಯಲ್ಲಿ ನಿಂತದ್ದೂ ಜೊತೆಗೇ ಹೋಗುತ್ತವೆ. ತಿನ್ನುವ ಮೊದಲು ಬಟ್ಟಲನ್ನು ಜಾಮೂನು, ಪಾಕಗಳ ಸಮೇತ ತೂಗಿ, ತಿಂದಾದ ಮೇಲೆ ಉಳಿದ ಪಾಕದ ಸಮೇತ ಮತ್ತೆ ತೂಗಿದರೆ ಹೊಟ್ಟೆಗೆ ಹೋದದ್ದು ಎಷ್ಟೆಂದು ನೇರವಾಗಿ ತಿಳಿಯುತ್ತದೆ.

ಬಸವನಗುಡಿಯಿಂದ: ಒಪ್ಪಿದೆ. ಆ ವ್ಯತ್ಯಾಸದಿಂದ ಜಾಮೂನಿನ ತಲಾ 15 ಗ್ರಾಂ ಕಳೆದರೆ ಉಳಿಯುವುದು ಬರಿಯ ಪಾಕ. ಅದಕ್ಕೆ ಗ್ರಾಮಿಗೆ 2.4 ಕ್ಯಾಲೊರಿ ಹಿಡಿಯಿರಿ.