ಗಾಜಿನ ಮೇಲೆ ಒಣಗಿಸಿದ ನೀರುಕರಡಿಗಳು ಏಳಲೇ ಇಲ್ಲ, ಯಾಕೆ?

ಗೋಡೆಪಾಚಿ (ಬಳ್ಳಾರಿ): ಕಾಂಪೌಂಡ್ ಗೋಡೆಯ ಪಾಚಿ ನೆನೆಹಾಕಿ ಎಂಟು ಕಾಲಿನ ಸೂಕ್ಷ್ಮಪ್ರಾಣಿ ನೀರುಕರಡಿ, ಅಂದರೆ ಟಾರ್ಡಿಗ್ರೇಡ್, 20 ಆರಿಸಿಕೊಂಡೆ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರಲ್ಲಿ ಬಿಟ್ಟು ಫ್ಯಾನ್ ಕೆಳಗೆ ಒಣಗಿಸಿದೆ. ಮೂರು ದಿನ ಬಿಟ್ಟು ನೀರು ಹಾಕಿದರೆ ಎದ್ದು ನಡೆದದ್ದು ಒಂದೇ ಒಂದು. ಒಣಗಿಸಿದರೂ ಸಾಯಲ್ಲ, ರೇಡಿಯೇಶನ್‌ಗೂ ಸಾಯಲ್ಲ ಅಂತಾರಲ್ಲ, ನನ್ನವು ಯಾಕೆ ಸತ್ತವು?

ರಸವಾದಿ: ಸಕ್ಕರೆ ಸಾಕಾಗಿಲ್ಲ ಅಷ್ಟೇ. ಒಣಗುವಾಗ ಇವು ಟ್ರೆಹಲೋಸ್ ಅನ್ನೋ ಸಕ್ಕರೆ ಮಾಡಿಕೊಳ್ಳುತ್ತವೆ, ಅದು ಗಾಜಿನ ಹಾಗೆ ಗಟ್ಟಿಯಾಗಿ ಜೀವಕೋಶ ಹಿಡಿದುಕೊಳ್ಳುತ್ತೆ. ನೀರಿಗೆ ಸ್ವಲ್ಪ ಟ್ರೆಹಲೋಸ್ ಬೆರೆಸಿ ನೋಡಿ.

ಎಂಟ್ಕಾಲು: ಸಕ್ಕರೆಗಿಂತ ಮೊದಲು ಫ್ಯಾನ್ ವಿಷಯ ನೋಡೋಣ. ಗೋಡೆಪಾಚಿಯವರೇ, ಏಳದ 19ರಲ್ಲಿ ಒಂದನ್ನು 40 ಪಟ್ಟು ದೊಡ್ಡದು ಮಾಡಿ ನೋಡಿ. ಮೈ ಉದ್ದಕ್ಕೆ ಚಾಚಿಕೊಂಡು, ಕಾಲು ಅಗಲಿಸಿ, ಗಾಜಿಗೆ ಸಿಪ್ಪೆಯ ಹಾಗೆ ಅಂಟಿದೆಯಾ? ಹಾಗಿದ್ದರೆ ಅದು ಟನ್ ಆಗಲೇ ಇಲ್ಲ, ಅಂದರೆ ಒಣಗಿ ಬದುಕಲು ಬೇಕಾದ ಮುದುಡಿದ ರೂಪಕ್ಕೆ ಬರಲೇ ಇಲ್ಲ, ಬರೀ ಒಣಗಿದ ಹೆಣ. ಟನ್ ಆದದ್ದು ಪುಟ್ಟ ಪೀಪಾಯಿಯ ಹಾಗಿರುತ್ತೆ. ಎಂಟೂ ಕಾಲು ಒಳಗೆ, ತಲೆ ಒಳಗೆ, ಮೈಮೇಲೆ ಅಡ್ಡಡ್ಡ ಮಡಿಕೆ. ಹೆಸರು ಬಂದದ್ದೂ ಪೀಪಾಯಿ ಅನ್ನೋ ಜರ್ಮನ್ ಮಾತಿನಿಂದಲೇ, ತೂಕದ ಟನ್‌ಗೂ ಇದಕ್ಕೂ ಸಂಬಂಧ ಇಲ್ಲ.

ನೀರು ಹೋದ ಕೂಡಲೇ ತಾನಾಗಿ ಮುದುಡುವುದಕ್ಕೆ ಇದು ಒಣದ್ರಾಕ್ಷಿ ಅಲ್ಲ. ಪ್ರಾಣಿಯೇ ಸ್ನಾಯು ಬಿಗಿದು ಮುದುಡಬೇಕು, ಅದಕ್ಕೆ ಶಕ್ತಿ ಬೇಕು, ಸಮಯ ಬೇಕು. ಗಾಜಿನ ಮೇಲಿನ ಹನಿ ಬಹಳ ಹೊತ್ತು ಇದ್ದ ಹಾಗೇ ಕಾಣುತ್ತೆ, ಕೊನೆಯ ತೆಳುಪದರ ಮಾತ್ರ ಫ್ಯಾನ್ ಗಾಳಿಗೆ ಸರ್ರನೆ ಆರಿಹೋಗುತ್ತೆ. ಮುದುಡುವ ಹೊತ್ತಿಗೆ ನೀರೇ ಇಲ್ಲ.

ಆಗುಂಬೆ ಮಳೆ: ಇದು ನಾನು ಒಪ್ಪಲ್ಲ. ನಾನೂ ಗಾಜಿನ ಮೇಲೇ ಒಣಗಿಸಿದ್ದು, ಮುಕ್ಕಾಲು ಪಾಲು ಎದ್ದವು. ಅವರದ್ದು ಜಾತಿಯೇ ಬೇರೆ ಇರಬೇಕು.

ಎಂಟ್ಕಾಲು: ಯಾವ ತಿಂಗಳು?

ಆಗುಂಬೆ ಮಳೆ: ಜುಲೈ. ಓ... ಸರಿ ಸರಿ. ಬಟ್ಟೆಯೇ ನಾಲ್ಕು ದಿನ ಒಣಗಲ್ಲ ಇಲ್ಲಿ.

ಎಂಟ್ಕಾಲು: ಅದೇ. ನಿಮ್ಮ ಮನೆಯ ಗಾಳಿ ಪುಕ್ಕಟೆಯಾಗಿ ಮಾಡಿಕೊಟ್ಟದ್ದನ್ನು ಬಳ್ಳಾರಿಯವರು ಡಬ್ಬಿಯಲ್ಲಿ ಮಾಡಿಕೊಳ್ಳಬೇಕು. ಜಾತಿಯ ಮಾತೂ ಸುಳ್ಳಲ್ಲ. ರಮಝೊಟಿಯಸ್ ಬೇಗ ಒಣಗಿಸಿದರೂ ತಡೆಯುತ್ತೆ, ಲ್ಯಾಬುಗಳಲ್ಲಿ ಸಾಕುವ ಹಿಪ್ಸಿಬಿಯಸ್‌ಗೆ ಮೊದಲು ಒಂದು ದಿನದ ಮಟ್ಟಿಗೆ ತೇವದ ಗಾಳಿ ಬೇಕೇ ಬೇಕು.

ಮಾಡುವ ರೀತಿ ಹೀಗೆ. ಗೊಬ್ಬರದ ಅಂಗಡಿಯಲ್ಲಿ ಎಸ್‌ಒಪಿ ಸಿಗುತ್ತೆ, ಅಂದರೆ ಪೊಟ್ಯಾಶಿಯಂ ಸಲ್ಫೇಟ್. ಗಾಳಿಯಾಡದ ಡಬ್ಬಿಯ ತಳಕ್ಕೆ ಅದನ್ನು ಹಾಕಿ, ಕೆಸರಿನ ಹದಕ್ಕೆ ನೀರು ಬೆರೆಸಿ. ಕರಗದ ಪುಡಿ ತಳದಲ್ಲಿ ಉಳಿದಿರಲೇಬೇಕು. ಒಳಗಿನ ಗಾಳಿಯ ತೇವಾಂಶ ಶೇ. 97ರ ಹತ್ತಿರ ನಿಲ್ಲುತ್ತೆ. ಇನ್ನೊಂದು ಡಬ್ಬಿಯಲ್ಲಿ ಅಡುಗೆ ಉಪ್ಪಿನ ಕೆಸರು, ಅದು ಶೇ. 75 ಕೊಡುತ್ತೆ. ಗಾಜಿನ ಬದಲು ಫಿಲ್ಟರ್ ಪೇಪರ್ ತುಂಡಿನ ಮೇಲೆ ಪ್ರಾಣಿಗಳನ್ನು ಬಿಡಿ, ಹೆಚ್ಚಿನ ನೀರನ್ನು ಟಿಶ್ಯೂ ಅಂಚಿನಿಂದ ಹೀರಿ ತೆಗೆಯಿರಿ, ಪೇಪರ್ ಒದ್ದೆಯಾಗಿ ಹೊಳೆಯುವಷ್ಟು ಉಳಿದರೆ ಸಾಕು. ಕೆಸರಿಗೆ ತಾಗದ ಹಾಗೆ ಬಾಟಲಿ ಮುಚ್ಚಳದ ಮೇಲೆ ಇಟ್ಟು, ಮೊದಲ ಡಬ್ಬಿಯಲ್ಲಿ 24 ಗಂಟೆ, ಎರಡನೆಯದರಲ್ಲಿ 24 ಗಂಟೆ, ಆಮೇಲೆ ಹೊರಗಿನ ಗಾಳಿಗೆ. ಕಿಟಕಿ ಪಕ್ಕ ಇಡಬೇಡಿ. ಹಗಲು ಕಾದು ರಾತ್ರಿ ತಣ್ಣಗಾದರೆ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಅರ್ಧ ಮುದುಡಿದ್ದನ್ನು ಮತ್ತೆ ನೆನೆಸುತ್ತೆ.

ಗೋಡೆಪಾಚಿ: ನೋಡಿದೆ. ಬಹುಪಾಲು ಸಿಪ್ಪೆಯ ಹಾಗೇ ಇವೆ. ಆದರೆ ಇನ್ನೂ ಒಣಗಿಸದೆ ಪಾಚಿ ನೀರಲ್ಲೇ ಬಿಟ್ಟವು ಕೆಲವು ಬಲೂನಿನ ಹಾಗೆ ಉಬ್ಬಿ ಅಲ್ಲಾಡದೆ ಬಿದ್ದಿವೆ, ಅದೇನು?

ಎಂಟ್ಕಾಲು: ಉಸಿರುಕಟ್ಟಿದೆ. ಪಾಚಿ ಕೊಳೆತು ನೀರಿನ ಆಮ್ಲಜನಕ ಮುಗಿದಿದೆ. ಉಬ್ಬಿದ್ದು ಟನ್ ಆಗಲಾರದು, ಮುದುಡಲು ಬೇಕಾದ ಶಕ್ತಿಯೇ ಇಲ್ಲ. ಹೊಸ ನೀರಿಗೆ ತೆಳ್ಳಗೆ ಹಾಕಿ, ನಡೆದಾಡಲು ಶುರು ಮಾಡಿದವನ್ನು ಮಾತ್ರ ಒಣಗಿಸಿ. ಬಿಸಿಯನ್ನೂ ನೋಡಿಕೊಳ್ಳಿ. ನೀರಿನಲ್ಲಿರುವ ರಮಝೊಟಿಯಸ್ಸನ್ನು 37 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಅರ್ಧದಷ್ಟು ಸಾಯುತ್ತವೆ. ಅದೇ ಟನ್ ಆದ ಮೇಲೆ ಅರ್ಧದಷ್ಟು ಸಾಯಲು 82 ಡಿಗ್ರಿ ದಾಟಿದ ಬಿಸಿಯಲ್ಲಿ ಒಂದು ಗಂಟೆ ಇಡಬೇಕು.

ರಸವಾದಿ: ಸಕ್ಕರೆ ಮಾತು ಪೂರ್ತಿ ತಪ್ಪಾ ಹಾಗಾದರೆ?

ಎಂಟ್ಕಾಲು: ಅರ್ಧ ಸರಿ. ಒಣಗಿ ಬದುಕುವ ಆರ್ಟೀಮಿಯಾ ಸಿಗಡಿ ಮೊಟ್ಟೆಗಳಲ್ಲಿ ಟ್ರೆಹಲೋಸ್ ರಾಶಿ ಇರುತ್ತೆ. ನೀರುಕರಡಿಗಳಲ್ಲಿ ಕೆಲವಕ್ಕೆ ಶೇ. 2ರ ಆಸುಪಾಸು, ಕೆಲವಕ್ಕೆ ಲೆಕ್ಕಕ್ಕೂ ಸಿಗದಷ್ಟು. 2017ರಲ್ಲಿ ತೋರಿಸಿದ ಹಾಗೆ ಹಿಪ್ಸಿಬಿಯಸ್ ನೆಚ್ಚಿಕೊಂಡಿರುವುದು ತನ್ನದೇ ಒಂದು ಬಗೆಯ ಪ್ರೋಟೀನುಗಳನ್ನು. ನೀರಲ್ಲಿ ಇವಕ್ಕೆ ನಿಶ್ಚಿತ ಆಕಾರ ಇಲ್ಲ, ಒಣಗುತ್ತಾ ಬಂದ ಹಾಗೆ ಒಂದಕ್ಕೊಂದು ಹೆಣೆದುಕೊಂಡು ಜೀವಕೋಶದ ಒಳಗೆ ಜೆಲ್ ಆಗುತ್ತವೆ. ಒಣಗುವ ಸೂಚನೆ ಸಿಕ್ಕ ಮೇಲೆ ಹಿಪ್ಸಿಬಿಯಸ್ ಇವನ್ನು ಹೆಚ್ಚಾಗಿ ತಯಾರಿಸುತ್ತೆ, ಆ 24 ಗಂಟೆ ಇದಕ್ಕೂ ಬೇಕು.

ರಸವಾದಿ: ರೇಡಿಯೇಶನ್ ತಡೆಯುವುದು ಮಾತ್ರ ಒಣಗಿರುವುದರಿಂದಲೇ. ನೀರಿಲ್ಲ, ಹಾಗಾಗಿ ನೀರು ಒಡೆದು ಹುಟ್ಟುವ ವಿಷಕಣವೂ ಇಲ್ಲ.

ಎಂಟ್ಕಾಲು: ಕೇಳಲು ಚೆಂದ, ಪ್ರಯೋಗ ಹಾಗೆ ಹೇಳಲ್ಲ. ಮಿಲ್ನೀಸಿಯಂ ಅನ್ನೋ ನೀರುಕರಡಿಯಲ್ಲಿ ಅರ್ಧ ಸಾಯಲು ಬೇಕಾದ ಗಾಮಾ ವಿಕಿರಣದ ಪ್ರಮಾಣ, ಓಡಾಡುವವಕ್ಕೆ ಸುಮಾರು 5000 ಗ್ರೇ, ಒಣಗಿದವಕ್ಕೆ 4400. ಮನುಷ್ಯನಿಗೆ 4-5 ಸಾಕು. ಒಣಗಿದಾಗ ಹೊಡೆತ ಕಡಿಮೆ ಬೀಳಬಹುದು, ಆದರೆ ರಿಪೇರಿಯೂ ನಿಂತಿರುತ್ತೆ. 2024ರಲ್ಲಿ ಹಿಪ್ಸಿಬಿಯಸ್ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡದ್ದು, ವಿಕಿರಣ ಬಿದ್ದ ಮೇಲೆ ಡಿಎನ್‌ಎ ರಿಪೇರಿಯ ಜೀನುಗಳು ಸಿಕ್ಕಾಪಟ್ಟೆ ಜೋರಾಗುತ್ತವೆ ಅಂತ. ಪೆಟ್ಟು ಬೀಳುತ್ತೆ, ಎದ್ದು ಹೊಲಿಗೆ ಹಾಕಿಕೊಳ್ಳುತ್ತೆ. ಡಿಎನ್‌ಎಗೆ ಹೊದಿಕೆಯಾಗುವ ಡಿಸಪ್ ಪ್ರೋಟೀನೂ ಇದೆ, ಅದು ಸಿಕ್ಕಿದ್ದು ರಮಝೊಟಿಯಸ್‌ನಲ್ಲಿ.

ಸುಮಾ ಬಿ.: ಬೆಂಗಳೂರಿನ ಐಐಎಸ್‌ಸಿ ಗೋಡೆಯ ಪಾಚಿಯಲ್ಲಿ ಸಿಕ್ಕ ಪ್ಯಾರಾಮ್ಯಾಕ್ರೊಬಯೋಟಸ್ ನೀಲಿ ಹೊಳೆಯುತ್ತಲ್ಲ, ಅದಕ್ಕೂ ಗಾಮಾ ತಾಗಲ್ವಾ?

ಎಂಟ್ಕಾಲು: ಅದು ಬೇರೆ ಕಥೆ ಮೇಡಂ. 2020ರ ಆ ಕೆಲಸ ಯುವಿ ಬೆಳಕಿನ ಬಗ್ಗೆ. ಮೈಯಲ್ಲಿರುವ ವಸ್ತು ಯುವಿ ಹೀರಿ ನೀಲಿಯಾಗಿ ಬಿಡುತ್ತೆ. ಗಾಮಾ ಕಿರಣಕ್ಕೆ ಆ ಕೊಡೆ ಅಡ್ಡಬರಲ್ಲ.

ಸುಮಾ ಬಿ.: ಒದ್ದೆ ಪಾಚಿಯನ್ನೇ ಫ್ರೀಜರಿಗೆ ಹಾಕಿಟ್ಟಿದ್ದೇನೆ, ಅಲ್ಲೂ ಟನ್ ಆಗುತ್ತಾ?

ಎಂಟ್ಕಾಲು: ಇಲ್ಲ, ಕಾಲು ಚಾಚಿದ ಹಾಗೇ ಹೆಪ್ಪುಗಟ್ಟುತ್ತವೆ. ನಿಧಾನ ತಂಪಾದರೆ ಮಂಜು ಜೀವಕೋಶದ ಹೊರಗಿನ ದ್ರವದಲ್ಲಿ ಕಟ್ಟುತ್ತೆ, ಆಗ ಉಳಿಯುತ್ತವೆ. ಪಾಚಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಇಡಿ. 1983ರಲ್ಲಿ ಅಂಟಾರ್ಕ್ಟಿಕದಿಂದ ತಂದು ಮೈನಸ್ 20ರಲ್ಲಿಟ್ಟ ಪಾಚಿಯನ್ನು ಜಪಾನಿನವರು 2014ರಲ್ಲಿ ಕರಗಿಸಿದಾಗ ಎರಡು ಪ್ರಾಣಿ ಎದ್ದವು, ಒಂದು ಮೊಟ್ಟೆ ಒಡೆಯಿತು. ಆ ಎರಡರಲ್ಲಿ ಒಂದು 20 ದಿನಕ್ಕೆ ಸತ್ತಿತು, ಇನ್ನೊಂದು 19 ಮೊಟ್ಟೆ ಇಟ್ಟು 14 ಮರಿಯಾದವು.

ಆಗುಂಬೆ ಮಳೆ: ನೂರು ವರ್ಷ ಬದುಕುತ್ತೆ ಅಂತ ಹೇಳೋದು?

ಎಂಟ್ಕಾಲು: ಮ್ಯೂಸಿಯಂನ 120 ವರ್ಷದ ಒಣಪಾಚಿಗೆ ನೀರು ಹಾಕಿದಾಗ ಒಂದರ ಕಾಲು ಸ್ವಲ್ಪ ಅಲುಗಿತು, ಅಷ್ಟೇ. ಅದನ್ನು ಬದುಕಿತು ಅನ್ನಲಾಗದು. ಗೋಡೆಪಾಚಿಯವರೂ ಇದನ್ನೇ ನೆನಪಿಟ್ಟುಕೊಳ್ಳಿ. ನೀರು ಹಾಕಿದ ಒಂದು ಗಂಟೆಯ ಮೇಲೆ ಒಮ್ಮೆ, 24 ಗಂಟೆಯ ಮೇಲೆ ಇನ್ನೊಮ್ಮೆ ಎಣಿಸಿ, ನಡೆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಣಗಿಸದ 20ನ್ನು ಅದೇ ನೀರಲ್ಲಿ ಪಕ್ಕಕ್ಕಿಡಿ. ಅವೂ ಸತ್ತರೆ ತಪ್ಪು ಒಣಗಿಸಿದ್ದರಲ್ಲಿಲ್ಲ, ನಲ್ಲಿ ನೀರಿನ ಕ್ಲೋರಿನ್ ಮೇಲೆ ಅನುಮಾನ ಪಡಬೇಕಾಗುತ್ತೆ.

ಗೋಡೆಪಾಚಿ: ಬದುಕಿದ ಆ ಒಂದು ನಸುಕಂದು ಬಣ್ಣದ್ದು, ಉಳಿದವು ಬಿಳಿ. ಜಾತಿ ಬೇರೆ ಇರಬಹುದಾ?

ಆಗುಂಬೆ ಮಳೆ: ನಾನು ಮೊದಲೇ ಹೇಳಿದೆನಲ್ಲ!

ಎಂಟ್ಕಾಲು: ಇರಬಹುದು. ಬಣ್ಣ ಒಂದನ್ನೇ ನಂಬಿ ಹೇಳಲಾರೆ, ತಿಂದ ಪಾಚಿಯ ಬಣ್ಣವೂ ಹೊಟ್ಟೆಯಲ್ಲಿ ಕಾಣುತ್ತೆ. ಉಗುರು ಮತ್ತು ಮೊಟ್ಟೆಯ ಫೋಟೋ ಹಾಕಿ, ಆಗ ಜಗಳ ಮುಂದುವರಿಸೋಣ.