ಮಗಳ ಎತ್ತರ ಮೂರೇ ದಿನದಲ್ಲಿ 1.3 ಸೆಂ.ಮೀ. ಕಮ್ಮಿ! ಎಲ್ಲಿ ತಪ್ಪಾಗ್ತಿದೆ?

ಗೋಡೆಗೆರೆ: ಭಾನುವಾರ 108.4, ಬುಧವಾರ 107.1. ಅದೇ ಗೋಡೆ, ತಲೆ ಮೇಲಿಡೋ ಅದೇ ಪುಸ್ತಕ, ಅದೇ ಟೇಪು. ಐದು ವರ್ಷದ ಮಗು ಕುಗ್ಗುತ್ತಾ? ತಲೆ ಕೆಟ್ಟು ಹೋಗಿದೆ.

ಬೆಳಗಿನಮಂಜು: ಬುಧವಾರ ಸಂಜೆ ಅಳೆದ್ರಾ? ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆ ನಡುವಿನ ಮೆತ್ತೆಗಳು ಒತ್ತಿಕೊಂಡು ಎತ್ತರ ಇಳಿಯುತ್ತೆ. ಅಷ್ಟೇ ವಿಷಯ.

ಗೋಡೆಗೆರೆ: ಎರಡು ಸಲವೂ ಸಂಜೆಯೇ.

ಬೆಳಗಿನಮಂಜು: ಹಾಗಾದ್ರೆ ಬುಧವಾರ ಜಾಸ್ತಿ ಆಡಿರ್ತಾಳೆ.

ಮಟ್ಟಗೋಲು: ಎಲ್ಲದಕ್ಕೂ ಅದೇ ಮದ್ದಾ ಸಾರ್? ಮೇಡಂ, ಪುಸ್ತಕ ಎಷ್ಟು ದಪ್ಪ? ಗೋಡೆ ಬುಡದಲ್ಲಿ ಸ್ಕರ್ಟಿಂಗ್ ಟೈಲ್ ಇದೆಯಾ?

ಗೋಡೆಗೆರೆ: ಟೈಲ್ ಇದೆ, ಎಲ್ಲರ ಮನೆಯಲ್ಲೂ ಇರುತ್ತಲ್ಲ! ಪುಸ್ತಕ ಅವಳದೇ, ತೆಳು ಚಿತ್ರಪುಸ್ತಕ.

ಹಳೇಟೇಪು: ಟೇಪಿನ ತುದಿಯ ಕೊಕ್ಕೆ ಲೊಡಲೊಡ ಅಂತಿದ್ರೆ ಬಿಸಾಕಿ.

ಮಟ್ಟಗೋಲು: ಬಿಸಾಕಬೇಡಿ. ಕೊಕ್ಕೆಯ ದಪ್ಪದಷ್ಟು ಅದು ಅಲ್ಲಾಡಲೇಬೇಕು, ಬೇಕಂತಲೇ ಹಾಗೆ ಮಾಡಿರ್ತಾರೆ. ನನ್ನ ಅನುಮಾನ ಪುಸ್ತಕದ ಮೇಲೆ. ನೆತ್ತಿ ಗೋಡೆಗೆ ಅಂಟಿರಲ್ಲ, ಸುಮಾರು 10 ಸೆಂ.ಮೀ. ಮುಂದಿರುತ್ತೆ. ನೀವು ಗುರುತು ಹಾಕೋದು ಗೋಡೆ ಹತ್ತಿರ. 20 ಸೆಂ.ಮೀ. ಅಗಲದ ಪುಸ್ತಕದ ಹೊರತುದಿ ಗೋಡೆ ಕಡೆಯ ತುದಿಗಿಂತ 2 ಸೆಂ.ಮೀ. ಮೇಲಿದ್ರೆ, ಗುರುತು ನೆತ್ತಿಗಿಂತ 1 ಸೆಂ.ಮೀ. ಕೆಳಗೆ ಬೀಳುತ್ತೆ. ಹೊರತುದಿ ಬಾಗಿದ್ರೆ ಉಲ್ಟಾ, ಮಗು ದಿಢೀರ್ ಬೆಳೆದ ಹಾಗೆ ಕಾಣುತ್ತೆ. ಗಟ್ಟಿ ರಟ್ಟಿನ ದಪ್ಪ ಪುಸ್ತಕ ತಗೊಳ್ಳಿ, ಅದರ ದಪ್ಪ ಭಾಗ ಪೂರ್ತಿ ಗೋಡೆಗೆ ಒತ್ತಿ, ಹಾಗೇ ಕೆಳಗೆ ಜಾರಿಸಿ, ಕೂದಲು ಅದುಮುವಷ್ಟು.

ಗುಂಡನಪ್ಪ: ನಾನು ಲೇಸರ್ ಮೀಟರನ್ನ ಸ್ಟ್ಯಾಂಡಿಗೆ ಕೂರಿಸಿದ್ದೀನಿ, ಮಿಲಿಮೀಟರ್ ಲೆಕ್ಕ ಸಿಗುತ್ತೆ.

ಹಳೇಟೇಪು: ತಲೆ ಮೇಲೆ ಏನಿಡ್ತೀರಿ?

ಗುಂಡನಪ್ಪ: ಪುಸ್ತಕ.

ತೊಟ್ಟಿಲು: ನಮ್ಮದು 14 ತಿಂಗಳು, ನಿಲ್ಲಿಸಿದ್ರೆ ಕುಸಿದು ಕೂರ್ತಾನೆ. ಏನ್ಮಾಡ್ಲಿ?

ಮಟ್ಟಗೋಲು: ಎರಡು ವರ್ಷದೊಳಗೆ ಮಲಗಿಸಿಯೇ ಅಳೀರಿ. ಆ ಅಳತೆ ನಿಂತ ಅಳತೆಗಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತೆ, ಮುಂದೆ ಹೋಲಿಸುವಾಗ ನೆನಪಿರಲಿ.

ಗೋಡೆಗೆರೆ ಮೇಡಂ, ಟೈಲ್ ಇಲ್ಲದ ಜಾಗ ಹುಡುಕಿ, ಬಾಗಿಲ ಚೌಕಟ್ಟಾದ್ರೂ ಸರಿ. ಟೈಲ್ ಹಿಮ್ಮಡಿಯನ್ನ ಮುಂದೆ ತಳ್ಳುತ್ತೆ, ಮಗು ಹಿಂದಕ್ಕೆ ಒರಗಿ ಗಲ್ಲ ಎತ್ತುತ್ತೆ. ಕಣ್ಣುಗುಳಿಯ ಕೆಳ ಅಂಚೂ ಕಿವಿಯ ತೂತೂ ಒಂದೇ ಮಟ್ಟದಲ್ಲಿರಬೇಕು. ಪಕ್ಕದಲ್ಲಿ ಮಂಡಿಯೂರಿ ನೋಡಿ, ಮೇಲಿಂದ ಗೊತ್ತಾಗಲ್ಲ.

ಗೋಡೆಗೆರೆ: ಚೌಕಟ್ಟಿನ ಹತ್ತಿರ, ದಪ್ಪ ನಿಘಂಟು ಇಟ್ಟು, ಪ್ರತಿ ಸಲ ಅವಳನ್ನ ಆಚೆ ಕಳಿಸಿ ಮತ್ತೆ ನಿಲ್ಲಿಸಿ ಅಳೆದೆ: 108.0, 108.2, 108.1. ಜುಟ್ಟು ಬಿಚ್ಚಿದೆ. ಮೊದಲು ಬಿಚ್ಚಿರಲಿಲ್ಲ, ಹೇಳೋಕೆ ಮರೆತಿದ್ದೆ.

ಮಟ್ಟಗೋಲು: ಜುಟ್ಟಾ!! ಅದನ್ನ ಮೊದಲೇ ಹೇಳಬಾರದಿತ್ತಾ?! ಹೋಗ್ಲಿ, 108.1 ಬರೆದಿಡಿ. ಆ ವ್ಯತ್ಯಾಸ ಜುಟ್ಟಿನದೋ ಪುಸ್ತಕದ್ದೋ, ಈಗ ಹೇಳೋಕಾಗಲ್ಲ.

ಬೆಳಗಿನಮಂಜು: ಬೆಳಗ್ಗೆ ಏಳ್ತಿದ್ದಂತೆ ಒಂದ್ಸಲ ಅಳೆದು ನೋಡಿ, ಆಮೇಲೆ ಮಾತಾಡೋಣ.