ಮೊದಲ ಪೋಸ್ಟರ್: ‘ಕಂಠಪಾಠ’ ಹೋಗಿ ‘ಕಂರಪಾರ’ ಆಗಿದೆ

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ, ತಿಪಟೂರು ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳಿಗೆ ವಚನ ಕಂಠಪಾಠ ಸ್ಪರ್ಧೆ ಇದೆ. ಪೋಸ್ಟರ್ ಕೆಲಸ ನನಗೆ ವಹಿಸಿದ್ದಾರೆ. ನಾನು ಮಾಡುತ್ತಿರುವ ಮೊದಲ ಪೋಸ್ಟರ್ ಇದು. ಆನ್‌ಲೈನ್‌ನಲ್ಲಿ ಸಿಕ್ಕ ಟೆಂಪ್ಲೇಟಿಗೆ ಗ್ರಂಥಾಲಯದ ಕಪಾಟುಗಳ ಫೋಟೋ ಹಾಕಿದೆ. ತಲೆಬರಹ ಕಾಣಲಿಲ್ಲ, ಹಳದಿ ಮಾಡಿದೆ. ಆಗಲೂ ಕಾಣಲಿಲ್ಲ, ಕೆಂಪು ಔಟ್‌ಲೈನ್ ಕೊಟ್ಟೆ. ಆಮೇಲೆ ಕಪ್ಪು ಶ್ಯಾಡೋ, ಸುತ್ತ ಬಿಳಿ ಗ್ಲೋ. ಫಾಂಟ್ ಐದಾಗಿವೆ. ನನ್ನ ತಮ್ಮ ನೋಡಿ, ‘ಕಂರಪಾರ ಸ್ಪರ್ದೆ ಅಂದ್ರೆ ಏನಕ್ಕಾ?’ ಅಂತ ಕೇಳಿದ. ಎ3 ಅಳತೆಯಲ್ಲಿ 30 ಪ್ರತಿ ಬೇಕು, ವಾಟ್ಸಾಪ್‌ನಲ್ಲೂ ಕಳಿಸಬೇಕು. ಎಲ್ಲಿಂದ ಸರಿ ಮಾಡಲಿ?

ಉತ್ತರ: ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ನಿಮ್ಮ ತಮ್ಮ ಸರಿಯಾಗಿಯೇ ಓದಿದ್ದಾನೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಠ ಅಕ್ಷರದ ಒಳಗಿನ ಚುಕ್ಕೆ ನಿಜವಾಗಿಯೂ ಮಾಯವಾಗಿದೆ. ಧ ಕೆಳಗಿನ ಪುಟ್ಟ ಗೀಟೂ ಹೋಗಿದೆ. ಚುಕ್ಕೆ ಹೋದರೆ ಠ ಉಳಿಯುವುದಿಲ್ಲ, ರ ಆಗುತ್ತದೆ. ಗೀಟು ಹೋದರೆ ಧ ಹೋಗಿ ದ ಆಗುತ್ತದೆ.

ಇದು ಯಾಕಾಯಿತು ಅಂದರೆ, ಎಷ್ಟೋ ಆ್ಯಪ್‌ಗಳು ಔಟ್‌ಲೈನನ್ನು ಅಕ್ಷರದ ಅಂಚಿನ ಮೇಲೆ ಕೂರಿಸುತ್ತವೆ. ಅರ್ಧ ದಪ್ಪ ಹೊರಗೆ ಹೋಗುತ್ತದೆ, ಇನ್ನರ್ಧ ಅಕ್ಷರದ ಒಳಗೆ ಬರುತ್ತದೆ. ದಪ್ಪ ಗೆರೆ ಇರುವ ಕಡೆ ಅದು ಗೊತ್ತಾಗುವುದಿಲ್ಲ. ಚುಕ್ಕೆಗೆ ಮಾತ್ರ ಸುತ್ತಲೂ ಅಂಚೇ ಇರುವುದು. ಎಲ್ಲ ಕಡೆಯಿಂದ ಕೆಂಪು ಬಂದು ಹಳದಿಯನ್ನು ಪೂರ್ತಿ ಮುಚ್ಚಿಬಿಟ್ಟಿದೆ. ಇಂಗ್ಲಿಷ್‌ನ ದೊಡ್ಡಕ್ಷರಗಳಲ್ಲಿ ಇಷ್ಟು ಸಣ್ಣ ಗುರುತುಗಳಿಲ್ಲ. ಅದಕ್ಕೇ ಟೆಂಪ್ಲೇಟಿನ ಮಾದರಿ ಚಿತ್ರದಲ್ಲಿ ಅದೇ ಔಟ್‌ಲೈನ್ ಚೆನ್ನಾಗಿ ಕಂಡಿರುತ್ತದೆ.

ಆದರೆ ಔಟ್‌ಲೈನ್ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀವೇ ಬರೆದಿದ್ದೀರಲ್ಲ, ತಲೆಬರಹ ಕಾಣಲಿಲ್ಲ ಅಂತ ಒಂದೊಂದೇ ಹಾಕುತ್ತಾ ಹೋದೆ ಅಂತ. ಮೂಲ ತೊಂದರೆ ಹಿಂದಿನ ಫೋಟೋದ್ದು. ಪುಸ್ತಕದ ಬೆನ್ನುಗಳು ಒಂದು ಬಿಳಿ, ಪಕ್ಕದ್ದು ಕಪ್ಪು, ಅದರ ಪಕ್ಕ ಮತ್ತೆ ತಿಳಿ ಬಣ್ಣ. ಅದರ ಮೇಲೆ ಯಾವ ಬಣ್ಣದ ಅಕ್ಷರ ಇಟ್ಟರೂ ಅರ್ಧ ಕಡೆ ಮುಳುಗುತ್ತದೆ. ಹಳದಿ ಮಾಡಿದಿರಿ, ಬಿಳಿ ಪುಸ್ತಕಗಳ ಮೇಲೆ ಮುಳುಗಿತು. ಔಟ್‌ಲೈನ್ ಕೊಟ್ಟಿರಿ, ಕಪ್ಪು ಪುಸ್ತಕಗಳ ಮೇಲೆ ಕೆಂಪು ಮುಳುಗಿತು. ಗ್ಲೋ ಬಂದಿದ್ದು ಅದಕ್ಕೇ ಅಲ್ವಾ?

ಈಗ ಹೀಗೆ ಮಾಡಿ. ಫೈಲಿನ ಒಂದು ನಕಲು ಇಟ್ಟುಕೊಂಡು, ಅದರಲ್ಲಿ ಎಲ್ಲ ಎಫೆಕ್ಟ್ ತೆಗೆಯಿರಿ. ಫೋಟೋವನ್ನು ಕತ್ತರಿಸಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿ. ಮೇಲಿನ ಭಾಗಕ್ಕೆ ಒಂದೇ ಬಣ್ಣ ಕೊಡಿ. ಕಪಾಟಿನ ಮರದ ಕಡುಗಂದು ಫೋಟೋದಲ್ಲೇ ಇದೆ, ಅದನ್ನೇ ತೆಗೆದುಕೊಳ್ಳಬಹುದು. ಅದರ ಮೇಲೆ ತಿಳಿ ಕೆನೆ ಬಣ್ಣದ ತಲೆಬರಹ ಇಡಿ. ಇಷ್ಟು ಮಾಡಿ ಚಿತ್ರ ಹಾಕಿ, ಫಾಂಟ್ ವಿಷಯ ಆಮೇಲೆ ನೋಡೋಣ.

ಕಾಲೇಜು ಉಪನ್ಯಾಸಕರು, ಮೈಸೂರು

ಮೇಡಂ ಹೇಳಿದ್ದು ಸರಿ. ನಾನು ಒಂದು ನಿಯಮ ಸೇರಿಸುತ್ತೇನೆ. ಪೋಸ್ಟರಿನಲ್ಲಿ ಎರಡಕ್ಕಿಂತ ಜಾಸ್ತಿ ಫಾಂಟ್ ಇರಲೇಬಾರದು. ಶ್ಯಾಡೋ ಎಲ್ಲೂ ಬೇಡ. ತಲೆಬರಹಕ್ಕೆ ಒಂದು ಫಾಂಟ್ ತಗೊಂಡು ಬೋಲ್ಡ್ ಒತ್ತಿ, ಸಾಕು.

ಫ್ಲೆಕ್ಸ್ ಮತ್ತು ಬೋರ್ಡ್ ಕೆಲಸದವರು, ದಾವಣಗೆರೆ

ಶ್ಯಾಡೋ ಎಲ್ಲೂ ಬೇಡ ಅನ್ನೋದು ನಾನು ಒಪ್ಪಲ್ಲ ಸರ್. ನಮ್ಮ ತಂದೆ ಕೈಯಲ್ಲಿ ಬೋರ್ಡ್ ಬರೀತಿದ್ರು. ಅಂಗಡಿ ಹೆಸರಿಗೆ ಔಟ್‌ಲೈನ್, ಶೇಡ್ ಎರಡೂ ಇರ್ತಿತ್ತು, ರಸ್ತೆ ಆಚೆಯಿಂದ ಓದಬಹುದಿತ್ತು. ಈಗಲೂ ನನ್ನ ಹತ್ರ ಬರೋರು ‘ಎದ್ದು ಕಾಣ್ಬೇಕು’ ಅಂತಾನೇ ಕೇಳ್ತಾರೆ.

ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ನಿಮ್ಮ ತಂದೆಯವರ ಕೆಲಸ ಬೇರೆ ಅಣ್ಣಾ, ಅದಕ್ಕೆ ನನಗೆ ತುಂಬಾ ಗೌರವ ಇದೆ. ಕೈಯಲ್ಲಿ ಬರೆಯುವವರು ಮೊದಲು ಅಕ್ಷರ ಬರೆಯುತ್ತಾರೆ. ಔಟ್‌ಲೈನ್ ಎಳೆಯುವಾಗ ಕುಂಚ ಹೊರಗೇ ಇರುತ್ತದೆ. ಠ ಒಳಗೆ ಜಾಗ ಸಾಲದು ಅನಿಸಿದರೆ ಆ ಅಕ್ಷರವನ್ನೇ ಸ್ವಲ್ಪ ಅಗಲ ಮಾಡುತ್ತಾರೆ. ಶೇಡ್ ಒಂದೇ ದಿಕ್ಕಿಗೆ, ಗಟ್ಟಿ ಬಣ್ಣದಲ್ಲಿ ಇರುತ್ತದೆ. ಎಷ್ಟೋ ಸಲ ಅಕ್ಷರಕ್ಕೂ ಶೇಡಿಗೂ ನಡುವೆ ತೆಳು ಸಂದೂ ಬಿಡುತ್ತಾರೆ. ಆ್ಯಪ್‌ನ ಶ್ಯಾಡೋ ಮಸುಕು ಮೋಡದ ಹಾಗೆ ಬರುತ್ತದೆ. ಅದು ಅಕ್ಷರದ ಅಂಚನ್ನು ಚೂಪು ಮಾಡುವ ಬದಲು ಕರಗಿಸುತ್ತದೆ. ಝೆರಾಕ್ಸ್ ಮಾಡಿದರೆ ಬೂದಿ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ ಬರುತ್ತದೆ.

ಉಪನ್ಯಾಸಕರಿಗೆ ಒಂದು ಮಾತು. ‘ಬೋಲ್ಡ್ ಒತ್ತಿ’ ಅನ್ನುವಲ್ಲಿ ಹುಷಾರಾಗಿರಬೇಕು. ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ದಪ್ಪದ ಅಚ್ಚು ಬೇರೆ ಇರುವುದಿಲ್ಲ. Tiro Kannada ಅಂಥದ್ದು. ಅದರಲ್ಲಿ ಬೋಲ್ಡ್ ಒತ್ತಿದರೆ, ಕೆಲವು ಆ್ಯಪ್‌ಗಳು ಇರುವ ಗೆರೆಗೇ ಸುತ್ತ ಬಣ್ಣ ತುಂಬಿ ದಪ್ಪ ಮಾಡುತ್ತವೆ. ಆಗ ಠ ಚುಕ್ಕೆ ಹೊರಗಿನ ಸುತ್ತಿಗೆ ಅಂಟಿಕೊಳ್ಳುತ್ತದೆ. ಮತ್ತೆ ಅದೇ ಕಥೆ. ದಪ್ಪ ಬೇಕಿದ್ದರೆ ದಪ್ಪದಲ್ಲೇ ಬರೆದ ಫಾಂಟ್ ಬೇಕು. Anek Kannada ಮತ್ತು Baloo Tamma 2 ಎರಡೂ ಪುಕ್ಕಟೆ ಸಿಗುತ್ತವೆ, ಎರಡರಲ್ಲೂ ಹಲವು ದಪ್ಪಗಳಿವೆ.

ಒಬ್ಬ ಸದಸ್ಯರು, ಶಿರಸಿ

ನನಗೂ ಇದೇ ಸಮಸ್ಯೆ. ಮಗಳ ಮದುವೆ ಕರೆಯೋಲೆಯ ಮ್ಯಾಟರ್ ನುಡಿಯಲ್ಲಿ ಟೈಪ್ ಮಾಡಿಸಿದ್ದೆ. ಆನ್‌ಲೈನ್ ಟೆಂಪ್ಲೇಟಿಗೆ ಹಾಕಿದರೆ ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆ ಬರ್ತಿವೆ. ಔಟ್‌ಲೈನ್ ತೆಗೆದರೂ ಸರಿ ಆಗಲಿಲ್ಲ.

ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ಅದು ಬೇರೆ ವಿಷಯ ರಾಯರೇ. ನಿಮ್ಮದು ಯುನಿಕೋಡ್ ಅಲ್ಲದ ಹಳೆಯ ಬರಹ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಾಯಿಸಿ ಹಾಕಿ. ಬದಲಾಯಿಸಿದ ಮೇಲೆ ಹೆಸರುಗಳಲ್ಲಿ ಒತ್ತಕ್ಷರ ಸರಿಯಾಗಿ ಬಂದಿವೆಯೇ ಅಂತ ಒಂದೊಂದಾಗಿ ನೋಡಿ.

ಬಿ.ಎ. ವಿದ್ಯಾರ್ಥಿನಿ

ಅಕ್ಕಾ, ಮಾಡಿದೆ! ಕಡುಗಂದು ಬಣ್ಣ ಕೊಟ್ಟ ತಕ್ಷಣ ಎಫೆಕ್ಟ್ ಇಲ್ಲದೆಯೂ ಓದಲು ಬಂತು. ಆದರೆ ಫಾಂಟ್ ಗೊತ್ತಾಗುತ್ತಿಲ್ಲ. ಮೂರು ಕಡೆ ಬೇರೆ ಬೇರೆ ಫಾಂಟ್ ಆರಿಸಿದರೂ ಕನ್ನಡ ಅಕ್ಷರ ಒಂದೇ ಥರ ಇವೆ. ‘ಜೂನ್ 14’ ಅನ್ನುವಲ್ಲಿ ಮಾತ್ರ 14 ಬಳ್ಳಿ ಬಳ್ಳಿಯಾಗಿ ಬರುತ್ತಿದೆ. ಇನ್ನೊಂದು, ‘ಸ್ಪರ್ಧೆ’ಯ ಕೆಳಗಿನ ಸಾಲು ಅದಕ್ಕೆ ತಾಗುತ್ತಿದೆ.

ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ಆ ಮೂರು ಫಾಂಟ್‌ಗಳಲ್ಲಿ ಕನ್ನಡವೇ ಇಲ್ಲ. ಟೆಂಪ್ಲೇಟ್ ಮಾಡಿದವರು ಇಂಗ್ಲಿಷಿಗೆ ಆರಿಸಿದ ಫಾಂಟ್‌ಗಳು ಅವು. ಕನ್ನಡ ಕಂಡಾಗ ಆ್ಯಪ್ ತನ್ನಲ್ಲಿರುವ ಬೇರೆ ಯಾವುದೋ ಫಾಂಟ್ ತಂದು ಕೂರಿಸುತ್ತದೆ, ನಿಮಗೆ ಹೇಳುವುದಿಲ್ಲ. ಅಂಕಿಗಳು ಮಾತ್ರ ನೀವು ಆರಿಸಿದ್ದರಲ್ಲೇ ಉಳಿಯುತ್ತವೆ. ಅದಕ್ಕೇ ಜೂನ್ ಒಂದು ಥರ, 14 ಇನ್ನೊಂದು ಥರ. ಇದನ್ನು ಗುರುತಿಸುವುದು ಸುಲಭ. ಖಾಲಿ ಜಾಗದಲ್ಲಿ ‘ಕಠ 14’ ಅಂತ ಟೈಪ್ ಮಾಡಿ ಫಾಂಟ್ ಬದಲಾಯಿಸಿ. 14 ಬದಲಾಗಿ ಕಠ ಹಾಗೇ ಇದ್ದರೆ ಆ ಫಾಂಟ್ ಬಿಟ್ಟುಬಿಡಿ.

ನಿಮ್ಮ ಪೋಸ್ಟರಿಗೆ Anek Kannada ಒಂದೇ ಸಾಕು. ಅಂಕಿಗಳೂ ಅದರಲ್ಲೇ ಇವೆ, ಕನ್ನಡದ ಜೊತೆ ಹೊಂದುತ್ತವೆ. ತಲೆಬರಹಕ್ಕೆ ಅದರ ಬೋಲ್ಡ್, ಎ3ಗೆ ಸುಮಾರು 100 ಪಾಯಿಂಟ್. ದಿನ, ಸಮಯ, ಜಾಗಕ್ಕೆ ಸ್ವಲ್ಪ ಕಡಿಮೆ ದಪ್ಪ, 48 ಪಾಯಿಂಟ್. ನಿಯಮಗಳಿಗೆ ಸಾದಾ, 28. ಈ ಮೂರು ಅಳತೆ ಬಿಟ್ಟು ನಾಲ್ಕನೆಯದು ಬೇಕು ಅನಿಸಿದರೆ, ಆ ಸಾಲು ಪೋಸ್ಟರಿನಲ್ಲಿ ಇರಲೇಬೇಕಾ ಅಂತ ಮೊದಲು ಕೇಳಿಕೊಳ್ಳಿ.

ಸಾಲು ತಾಗುವುದೂ ಟೆಂಪ್ಲೇಟಿನ ಬಳುವಳಿಯೇ. ಅದರಲ್ಲಿ ಸಾಲಿನ ಅಂತರ 0.9 ಅಥವಾ 1 ಇರಬಹುದು, ನೋಡಿ. ಇಂಗ್ಲಿಷ್ ದೊಡ್ಡಕ್ಷರ ಕೆಳಗೆ ಇಳಿಯುವುದಿಲ್ಲ, ಅಷ್ಟು ಸಾಕು. ನಮ್ಮ ‘ಸ್ಪ’ದಲ್ಲಿ ಪ ಒತ್ತು ಪೂರ್ತಿ ಕೆಳಗೆ ಕೂರುತ್ತದೆ. ನಿಮ್ಮ ತಲೆಬರಹವನ್ನು ಎರಡು ಸಾಲು ಮಾಡಿ: ‘ವಚನ ಕಂಠಪಾಠ’ ಮೇಲೆ, ‘ಸ್ಪರ್ಧೆ’ ಕೆಳಗೆ. ಮೇಲಿನ ಸಾಲಿನಲ್ಲಿ ಒಂದೂ ಒತ್ತಕ್ಷರ ಇಲ್ಲ, ಹಾಗಾಗಿ ಇವೆರಡರ ನಡುವೆ ಜಾಸ್ತಿ ಜಾಗ ಬೇಡ. ‘ಸ್ಪರ್ಧೆ’ ಆದ ಮೇಲೆ ಮಾತ್ರ ಧಾರಾಳವಾಗಿ ಬಿಡಿ. ನಿಯಮಗಳ ಸಾಲಿಗೆ 1.4ರಿಂದ ಶುರು ಮಾಡಿ ನೋಡಿ. ಹಾಗೇ ಅಕ್ಷರಗಳ ನಡುವಿನ ಅಂತರ ಸೊನ್ನೆ ಇದೆಯಾ ಅಂತಲೂ ನೋಡಿಕೊಳ್ಳಿ. ಅದು ಜಾಸ್ತಿ ಇದ್ದರೆ ಕೆಲವು ಆ್ಯಪ್‌ಗಳಲ್ಲಿ ದೀರ್ಘದ ಗುರುತು ಅಕ್ಷರ ಬಿಟ್ಟು ದೂರ ಹೋಗಿ ನಿಲ್ಲುತ್ತದೆ.

30 ಪ್ರತಿ ಕೊಡುವ ಮೊದಲು ಒಂದೇ ಒಂದು ಎ4 ಕಪ್ಪು ಬಿಳುಪು ಪ್ರಿಂಟ್ ತೆಗೆಸಿ. ಹಳದಿ ಅಲ್ಲಿ ಹೆಚ್ಚುಕಡಿಮೆ ಬಿಳಿಯಾಗಿ ಬರುತ್ತದೆ. ನಿಮ್ಮ ಮೊದಲ ಪೋಸ್ಟರನ್ನೂ ಜೊತೆಗೆ ತೆಗೆಸಿ, ಹಳದಿ ಅಕ್ಷರ ಬಿಳಿ ಗ್ಲೋ ಜೊತೆ ಬೆರೆತು ಹೋಗುವುದು ಕಾಣುತ್ತದೆ. ವಾಟ್ಸಾಪ್‌ಗೆ, ಫೋನಿನ ಗ್ಯಾಲರಿಯಲ್ಲಿ ಚಿಕ್ಕ ಚೌಕವಾಗಿ ಇರುವಾಗಲೇ ತಲೆಬರಹ ಓದಲು ಬರಬೇಕು.

ಫ್ಲೆಕ್ಸ್ ಮತ್ತು ಬೋರ್ಡ್ ಕೆಲಸದವರು, ದಾವಣಗೆರೆ

ಮೇಡಂ, ಗೋಡೆಗೆ ಅಂಟಿಸೋ ಎ3ಗೆ ನಿಮ್ಮ ಮಾತು ಸರಿ. ಆದರೆ ಗಿರಾಕಿ ಅವರ ಮನೆಯವರ ಫೋಟೋ ಮೇಲೇ ಹೆಸರು ಬರಬೇಕು ಅಂತಾರೆ. ಹಿಂದಿನ ಚಿತ್ರ ಮುಟ್ಟೋ ಹಾಗಿಲ್ಲ. ಅಲ್ಲಿ ಔಟ್‌ಲೈನ್ ಇಲ್ಲದೆ ನಡೆಯಲ್ಲ.

ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ಅಲ್ಲಿ ನಾನೂ ಹಾಕುತ್ತೇನೆ ಅಣ್ಣಾ. ಆದರೂ ಹೆಸರಿನ ಕೆಳಗೆ ಒಂದು ಬಣ್ಣದ ಪಟ್ಟಿ ಇಟ್ಟು ಗಿರಾಕಿಗೆ ಎರಡೂ ತೋರಿಸಿ ನೋಡಿ ಅನ್ನುತ್ತೇನೆ.

ಫ್ಲೆಕ್ಸ್ ಮತ್ತು ಬೋರ್ಡ್ ಕೆಲಸದವರು, ದಾವಣಗೆರೆ

ತೋರಿಸಿದ್ದೀನಿ. ಪಟ್ಟಿ ಬೇಡ ಅಂತಾರೆ, ಫೋಟೋ ಮುಚ್ಚುತ್ತೆ ಅಂತ.

ಬಿ.ಎ. ವಿದ್ಯಾರ್ಥಿನಿ

ಎ4 ಪ್ರಿಂಟ್ ತೆಗೆಸಿದೆ ಅಕ್ಕಾ. ತಮ್ಮ ಬಾಗಿಲ ಹತ್ತಿರ ನಿಂತು ‘ಕಂಠಪಾಠ’ ಅಂತ ಸರಿಯಾಗಿ ಓದಿದ. ಹಳೆಯದರಲ್ಲಿ ಹಳದಿ ನಿಜಕ್ಕೂ ಬಿಳಿಯಾಗಿತ್ತು, ಗ್ಲೋ ಎಲ್ಲಿ ಮುಗಿಯಿತು ಅಂತಲೇ ತಿಳಿಯಲಿಲ್ಲ. ಆದರೆ ನಮ್ಮ ಸಂಘದ ಅಧ್ಯಕ್ಷರು ಹೊಸದನ್ನು ನೋಡಿ, ಮೊದಲಿನ ಕೆಂಪು ಅಂಚು ಚೆನ್ನಾಗಿತ್ತು, ಅದು ಇರಲಿ ಅಂತಿದ್ದಾರೆ. ಹಿರಿಯರು, ಬೇಡ ಅನ್ನಲು ಆಗುತ್ತಿಲ್ಲ.

ಮುದ್ರಣ ವಿನ್ಯಾಸಕಿ, ಹುಬ್ಬಳ್ಳಿ

ಹಾಗಾದರೆ ಅಂಚು ಅಕ್ಷರವನ್ನು ತಿನ್ನದ ಹಾಗೆ ಹಾಕಿ. ತಲೆಬರಹವನ್ನು ನಕಲು ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಕೆಳಗಿನದಕ್ಕೆ ಮಾತ್ರ ಕೆಂಪು ಔಟ್‌ಲೈನ್ ಕೊಡಿ. ಮೇಲಿನದಕ್ಕೆ ಏನೂ ಬೇಡ. ಒಳಗೆ ಬಂದ ಅರ್ಧ ಕೆಂಪನ್ನು ಮೇಲಿನ ಅಕ್ಷರ ಮುಚ್ಚುತ್ತದೆ, ಹೊರಗಿನರ್ಧ ಉಳಿಯುತ್ತದೆ. ಠ ಚುಕ್ಕೆ, ಧ ಗೀಟು ಎರಡೂ ಕೆನೆ ಬಣ್ಣದಲ್ಲಿ ಪೂರ್ತಿ ಕಾಣುತ್ತವೆ. ಆಮೇಲೆ ತಲೆಬರಹದ ಪದ ತಿದ್ದಬೇಕಾದರೆ ಎರಡೂ ಕಡೆ ತಿದ್ದಲು ಮರೆಯಬೇಡಿ. ಕಡುಗಂದಿನ ಮೇಲೆ ಕೆಂಪು ಅಷ್ಟೇನೂ ಎದ್ದು ಕಾಣುವುದಿಲ್ಲ. ಅಧ್ಯಕ್ಷರಿಗೆ ಅಂಚು ಇರುವುದೊಂದು, ಇಲ್ಲದ್ದೊಂದು ಪ್ರಿಂಟ್ ಅಕ್ಕಪಕ್ಕ ಗೋಡೆಗೆ ಅಂಟಿಸಿ ತೋರಿಸಿ. ಅವರು ಯಾವುದನ್ನು ಆರಿಸಿದರು ಅಂತ ಇಲ್ಲಿ ಬರೆಯಿರಿ.